ಮರಣ ನೋಂದಣಿ ಮತ್ತು ಪ್ರಮಾಣಪತ್ರ: ಕಲಬುರಗಿ, ಬೀದರ್, ಯಾದಗಿರಿ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಸೀರಿಯಸ್ ಆದವರನ್ನು ಎಲ್ಲಿಗೆ ಒಯ್ಯುತ್ತಾರೆ? ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ. ಬೀದರ್, ಹುಮನಾಬಾದ್, ಚಿಂಚೋಳಿಯವರು ಹೈದರಾಬಾದ್‌ಗೆ. ಉಳಿದವರು ಕಲಬುರಗಿಯ ಆಸ್ಪತ್ರೆಗಳಿಗೆ. ಯಾದಗಿರಿ ಕಡೆಯಿಂದ ದುಡಿಯಲು ಹೋದವರು ಬೆಂಗಳೂರು, ಮುಂಬೈಯಲ್ಲಿ ಇರುತ್ತಾರೆ. ಹಾಗಾಗಿ ಜೀವ ಹೋಗುವುದು ಒಂದು ಊರಲ್ಲಿ, ಮಣ್ಣು ಮಾಡುವುದು ಇನ್ನೊಂದು ಊರಲ್ಲಿ. ಮರಣ ಪ್ರಮಾಣಪತ್ರದ ತೊಂದರೆಗಳು ಬಹಳಷ್ಟು ಇಲ್ಲಿಂದಲೇ ಶುರುವಾಗುತ್ತವೆ. ಅದಕ್ಕೇ ಈ ಬರಹದಲ್ಲಿ ಅಂಥದ್ದೇ ಒಂದು ಉದಾಹರಣೆ ಹಿಡಿದು ಕೊನೆತನಕ ಹೋಗೋಣ.

ಉದಾಹರಣೆ ಇದು. ಆಳಂದ ತಾಲ್ಲೂಕಿನ ಒಂದು ಹಳ್ಳಿ. ನಿವೃತ್ತ ಶಾಲಾ ಮಾಸ್ತರರು. ಎದೆನೋವು ಬಂದು ಸೊಲ್ಲಾಪುರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ತೀರಿಕೊಂಡರು. ಅದೇ ದಿನ ದೇಹ ಊರಿಗೆ ತಂದು ಹೊಲದಲ್ಲಿ ಸಮಾಧಿ ಮಾಡಿದರು. ಹೆಂಡತಿ, ಒಬ್ಬ ಮಗ, ಇಬ್ಬರು ಮದುವೆಯಾದ ಹೆಣ್ಣುಮಕ್ಕಳು ಇದ್ದಾರೆ. ಸರ್ಕಾರಿ ಪಿಂಚಣಿ ಬರುತ್ತಿತ್ತು, ಒಂದು ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇತ್ತು, ಮೂರು ಎಕರೆ ಹೊಲ ಇದೆ. ಆಧಾರ್‌ನಲ್ಲಿ ಮತ್ತು ಪಿಂಚಣಿ ಪುಸ್ತಕದಲ್ಲಿ ಹೆಸರು ಶರಣಬಸಪ್ಪ. ಪಹಣಿಯಲ್ಲಿ ಶರಣಪ್ಪ ತಂದೆ ಮಲ್ಲಪ್ಪ. ಹೆಸರು ಸುಮ್ನೆ ಉದಾಹರಣೆಗೆ ಇಟ್ಟದ್ದು, ಆದರೆ ಇಂಥ ವ್ಯತ್ಯಾಸ ಇಲ್ಲದ ಮನೆ ನಮ್ಮಲ್ಲಿ ಕಡಿಮೆ.

ಯಾವ ಕಚೇರಿ?

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿ ಆಗಬೇಕು. ವಾಸದ ಊರು, ಮಣ್ಣು ಮಾಡಿದ ಊರು ಯಾವುದೂ ಲೆಕ್ಕಕ್ಕಿಲ್ಲ. ಮಾಸ್ತರರ ಸಾವು ಸೊಲ್ಲಾಪುರ ಮಹಾನಗರ ಪಾಲಿಕೆಯ ಪುಸ್ತಕಕ್ಕೆ ಸೇರುತ್ತದೆ. ಆಳಂದದ ಪಂಚಾಯಿತಿಯಲ್ಲಿ ಆಗುವುದಿಲ್ಲ, ಆಗಲೂಬಾರದು. "ಊರಲ್ಲೇ ಮಾಡಿಸಿಬಿಡೋಣ, ಮನೆಯಲ್ಲೇ ತೀರಿಕೊಂಡರು ಅಂತ ಬರೆಸೋಣ" ಅನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಹಾಗೆ ಮಾಡಿದರೆ ಒಬ್ಬರ ಸಾವಿಗೆ ಎರಡು ನೋಂದಣಿ ಆಗುತ್ತದೆ, ಎರಡರಲ್ಲೂ ಸ್ಥಳ ಬೇರೆ ಬೇರೆ. ಮುಂದೆ ವಿಮೆಯ ಕ್ಲೇಮ್‌ನಲ್ಲಿ ಆಸ್ಪತ್ರೆಯ ಕಾಗದವೂ ಈ ಪತ್ರವೂ ತಾಳೆಯಾಗದೆ ಎಲ್ಲವೂ ನಿಂತುಹೋಗುತ್ತದೆ. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ದಂಡವೂ ಇದೆ.

ದಾರಿಯಲ್ಲಿ, ಆಂಬುಲೆನ್ಸ್‌ನಲ್ಲಿ ಜೀವ ಹೋದರೆ? ಚಲಿಸುವ ವಾಹನದಲ್ಲಿ ಆದ ಸಾವನ್ನು ವಾಹನ ಮೊದಲು ನಿಂತ ಸ್ಥಳದಲ್ಲಿ ನೋಂದಾಯಿಸಬೇಕು ಎಂಬುದು ನಿಯಮ. ಕಲಬುರಗಿಯಿಂದ ಹೈದರಾಬಾದ್‌ಗೆ ಹೊರಟ ಗಾಡಿಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಗಾಡಿ ನಿಲ್ಲಿಸಿ, ವೈದ್ಯರಿಂದ ಸಾವನ್ನು ದೃಢಪಡಿಸಿಕೊಂಡು, ಅದರ ಕಾಗದ ಇಟ್ಟುಕೊಳ್ಳಿ. ಆ ಕಾಗದ ಇಲ್ಲದೆ ಊರಿಗೆ ಬಂದರೆ ಎಲ್ಲಿ ನೋಂದಾಯಿಸಬೇಕು ಎಂಬುದೇ ತಲೆನೋವಾಗುತ್ತದೆ.

ಸಾವು ನಮ್ಮ ಜಿಲ್ಲೆಯೊಳಗೇ ಆಗಿದ್ದರೆ ಹೀಗೆ. ಹಳ್ಳಿಯಲ್ಲಿ, ಮನೆಯಲ್ಲಿ ಆಗಿದ್ದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ತಡವಾದದ್ದಕ್ಕೆ, ಹಳೆಯದಕ್ಕೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲು ಗ್ರಾಮ ಲೆಕ್ಕಾಧಿಕಾರಿ ಅನ್ನುತ್ತಿದ್ದವರು. ಪಟ್ಟಣದ ಮನೆಯಲ್ಲಿ ಆಗಿದ್ದರೆ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ಕಡೆ ನೋಂದಣಿ ಅಲ್ಲೇ ಆಗುತ್ತದೆ. ಖಾಸಗಿ ಆಸ್ಪತ್ರೆ ತಾನೇ ಸ್ಥಳೀಯ ಸಂಸ್ಥೆಗೆ ವರದಿ ಕಳಿಸಬೇಕು.

ಅಪಘಾತ, ಆತ್ಮಹತ್ಯೆ, ಹಾವು ಕಡಿದು ಸತ್ತದ್ದು ಇಂಥವುಗಳಲ್ಲಿ ಪೊಲೀಸರು ಬರುತ್ತಾರೆ. ಮಹಜರು ಮಾಡಿದ ಅಧಿಕಾರಿಯೇ ನೋಂದಣಾಧಿಕಾರಿಗೆ ಮಾಹಿತಿ ಕೊಡಬೇಕು. ಎಫ್‌ಐಆರ್, ಮರಣೋತ್ತರ ಪರೀಕ್ಷಾ ವರದಿ ಎರಡರ ಪ್ರತಿ ಕೇಳಿ ಇಟ್ಟುಕೊಳ್ಳಿ, ಅಪಘಾತ ವಿಮೆಗೆ ಅವು ಬೇಕೇ ಬೇಕು.

ಆಸ್ಪತ್ರೆಯಿಂದ ಹೊರಡುವ ಮೊದಲು

ಮಾಸ್ತರರ ಮಗ ಆಸ್ಪತ್ರೆಯ ಬಿಲ್ ಕಟ್ಟಿ, ದೇಹ ಗಾಡಿಗೆ ಹಾಕಿಸಿ ಹೊರಡುವ ಅವಸರದಲ್ಲಿ ಇರುತ್ತಾನೆ. ಆ ಹೊತ್ತಿನಲ್ಲಿ ಕೌಂಟರ್‌ನವರು ಒಂದು ಫಾರ್ಮ್ ಮುಂದಿಡುತ್ತಾರೆ. ಅದು ಮರಣ ವರದಿ, ಫಾರ್ಮ್ 2. ಅದರಲ್ಲಿ ಬರೆದದ್ದೇ ಮುಂದೆ ಪ್ರಮಾಣಪತ್ರದಲ್ಲಿ ಅಚ್ಚಾಗುವುದು. ಬಾಯಲ್ಲಿ ಹೆಸರು ಹೇಳಬೇಡಿ, ಆಧಾರ್ ಕಾರ್ಡ್ ಕೊಡಿ. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಸಾಲಾಗಿ ಬರೆಯುವ ರೂಢಿ. ಶರಣಬಸಪ್ಪ ಅಲ್ಲಿ ಶರಣಪ್ಪ ಮಲ್ಲಪ್ಪ ಪಾಟೀಲ ಆಗಿಬಿಡಬಹುದು. ಒಪಿಡಿ ಚೀಟಿಯಲ್ಲಿ ಅವಸರಕ್ಕೆ ಬರೆದ ಹೆಸರೇ ಫಾರ್ಮ್‌ಗೂ ಇಳಿಯುತ್ತದೆ.

ಐದು ನಿಮಿಷ ತೆಗೆದು ಇವಿಷ್ಟು ನೋಡಿ: ಸತ್ತವರ ಪೂರ್ತಿ ಹೆಸರು, ತಂದೆ ಅಥವಾ ಗಂಡನ ಹೆಸರು, ತಾಯಿಯ ಹೆಸರು, ತೀರಿಕೊಂಡ ತಾರೀಖು, ಶಾಶ್ವತ ವಿಳಾಸ. ವಿಳಾಸದ ಜಾಗದಲ್ಲಿ ಸೊಲ್ಲಾಪುರದ ನೆಂಟರ ಮನೆ ಬರೆಯಿಸಬೇಡಿ. ಶಾಶ್ವತ ವಿಳಾಸ ಹಳ್ಳಿಯದ್ದೇ ಇರಲಿ. ಮುಂದೆ ನಾಡಕಚೇರಿಯವರು ಅದನ್ನೇ ನೋಡುತ್ತಾರೆ. ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ತೀರಿಕೊಂಡಿದ್ದರೆ ತಾರೀಖನ್ನು ಎರಡು ಸಲ ನೋಡಿ.

ಇದರ ಜೊತೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಆಸ್ಪತ್ರೆಗೆ ಇದು ಫಾರ್ಮ್ 4. ಮನೆಯಲ್ಲಿ ತೀರಿಕೊಂಡು, ವೈದ್ಯರು ನೋಡುತ್ತಿದ್ದರೆ 4ಎ. 2023ರ ತಿದ್ದುಪಡಿಯ ನಂತರ ಇದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಉಚಿತವಾಗಿ ಕೊಡಬೇಕು. ಇದು ಯಾಕೆ ಬೇಕು ಅಂದರೆ, ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. ಕಾಯ್ದೆಯೇ ಅದನ್ನು ಮುದ್ರಿಸಬಾರದು ಅನ್ನುತ್ತದೆ. ವಿಮೆಯವರು "ಇದರಲ್ಲಿ ಕಾರಣ ಇಲ್ಲ, ತಿದ್ದಿಸಿಕೊಂಡು ಬನ್ನಿ" ಅಂದರೆ ಪಾಲಿಕೆಗೆ ಅಲೆಯಬೇಡಿ. ಫಾರ್ಮ್ 4 ಮತ್ತು ಡಿಸ್ಚಾರ್ಜ್ ಸಮ್ಮರಿ ತೋರಿಸಿ.

ಮನೆಯಲ್ಲಿ ಆದ ಸಾವಿಗೆ ಆಸ್ಪತ್ರೆಯ ಕಾಗದ ಇರುವುದಿಲ್ಲ. ಆಗ ಮನೆಯ ಹಿರಿಯರು ಮಾಹಿತಿ ಕೊಡಬೇಕು. ಸ್ಮಶಾನದ ರಸೀದಿ, ಕಬರಸ್ತಾನ ಕಮಿಟಿಯ ಚೀಟಿ, ಅಕ್ಕಪಕ್ಕದವರ ಹೇಳಿಕೆ ಇಟ್ಟುಕೊಂಡರೆ ಅನುಕೂಲ. ಹೊಲದಲ್ಲೇ ಸಮಾಧಿ ಮಾಡಿದ್ದರೆ ರಸೀದಿ ಇರುವುದಿಲ್ಲ, ಪಂಚರ ಹೇಳಿಕೆಯೇ ಆಧಾರ.

21 ದಿನ, 30 ದಿನ, ಒಂದು ವರ್ಷ

ತೀರಿಕೊಂಡ ದಿನದಿಂದ 21 ದಿನದೊಳಗೆ ವರದಿಯಾದರೆ ಶುಲ್ಕ ಇಲ್ಲ. 21 ದಾಟಿ 30 ದಿನದೊಳಗೆ ಆದರೆ ಸಣ್ಣ ವಿಳಂಬ ಶುಲ್ಕ. 30 ದಿನ ದಾಟಿದರೆ ಸುಮ್ನೆ ಹೋಗಿ ನೋಂದಾಯಿಸಲು ಆಗುವುದಿಲ್ಲ, ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ನಮ್ಮಲ್ಲಿ ಅದಕ್ಕೆ ಸಾಮಾನ್ಯವಾಗಿ ತಹಶೀಲ್ದಾರ್ ಕಚೇರಿಗೆ ಹೋಗುತ್ತಾರೆ. ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು.

ದಿನಕರ್ಮ ಮುಗಿಯಲಿ, ಆಮೇಲೆ ನೋಡೋಣ ಅನ್ನುವುದು ಸಹಜ. ಆದರೆ ಮುಸ್ಲಿಂ ಕುಟುಂಬಗಳಲ್ಲಿ ನಲವತ್ತನೇ ದಿನದ ಕಾರ್ಯ ಮುಗಿಸಿ ಹೋದರೆ 30 ದಿನ ಆಗಲೇ ದಾಟಿರುತ್ತದೆ. ಯಾರಾದರೂ ಒಬ್ಬ ಅಳಿಯನೋ ತಮ್ಮನೋ ಮೊದಲ ವಾರದಲ್ಲೇ ಹೋಗಿ ಬಂದರೆ ಸಾಕು, ಎಲ್ಲರೂ ಹೋಗಬೇಕಿಲ್ಲ.

ಆಸ್ಪತ್ರೆ ವರದಿ ಕಳಿಸುತ್ತದೆ ಎಂದು ನಂಬಿ ಸುಮ್ಮನೆ ಕೂರಬೇಡಿ. ಹತ್ತು ದಿನದ ನಂತರ ಆಸ್ಪತ್ರೆಗೆ ಫೋನ್ ಮಾಡಿ, ವರದಿ ಕಳಿಸಿದ ದಿನಾಂಕ ಮತ್ತು ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಬಂದಿದ್ದರೆ ನೋಂದಣಿ ಆದಂತೆ. ಸಂಖ್ಯೆ ಇಲ್ಲದಿದ್ದರೆ ಇನ್ನೂ ಕಾಲ ಇರುವಾಗಲೇ ಗೊತ್ತಾಗುತ್ತದೆ ಅಲ್ವಾ? 2023ರ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ನೋಂದಣಿ ಮುಗಿದ 7 ದಿನದೊಳಗೆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕು.

ಕರ್ನಾಟಕದೊಳಗಿನ ನೋಂದಣಿ ಇ-ಜನ್ಮ ತಂತ್ರಾಂಶದಲ್ಲಿ ಆಗುತ್ತದೆ. ejanma.karnataka.gov.in ಅದರ ಜಾಲತಾಣ. ಪ್ರಮಾಣಪತ್ರದಲ್ಲಿ ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಇರುತ್ತದೆ. ಸೊಲ್ಲಾಪುರ, ಹೈದರಾಬಾದ್‌ನ ಸಾವು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಯಾ ಪಾಲಿಕೆಯಿಂದಲೇ ತರಬೇಕು. ಮರಾಠಿ, ತೆಲುಗು ಪತ್ರ ನಮ್ಮ ಕಚೇರಿಯಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಕಾಯ್ದೆ ಇಡೀ ದೇಶದ್ದು. ಪತ್ರದಲ್ಲಿ ಇಂಗ್ಲಿಷ್ ಕೂಡ ಇದ್ದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಬರೀ ಪರಭಾಷೆಯಲ್ಲಿದ್ದರೆ ನೋಟರಿ ಮಾಡಿಸಿದ ಕನ್ನಡ ಅನುವಾದ ಜೊತೆಗಿಡಿ.

ಎಷ್ಟು ಪ್ರತಿ ಬೇಕು? ನನ್ನ ಲೆಕ್ಕದಲ್ಲಿ ಆರು. ಪಿಂಚಣಿಗೆ ಒಂದು, ಎಲ್‌ಐಸಿ ಪಾಲಿಸಿ ಇದ್ದರೆ ಅದಕ್ಕೆ ಒಂದು ಮೂಲ ಪ್ರತಿ, ಹೊಲದ ವಾರಸಾಗೆ ಒಂದು. ಕೋರ್ಟ್‌ಗೆ ಹೋಗಬೇಕಾದರೆ ಒಂದು. ಬ್ಯಾಂಕಿನವರು ಮೂಲ ನೋಡಿ ನೆರಳಚ್ಚು ಇಟ್ಟುಕೊಳ್ಳುತ್ತಾರೆ. ಉಳಿದದ್ದು ಮನೆಯಲ್ಲಿರಲಿ. ಪರರಾಜ್ಯದ್ದಾದರೆ ಒಂದೇ ಸಲಕ್ಕೆ ಹೆಚ್ಚು ತೆಗೆದುಕೊಳ್ಳುವುದು ಜಾಣತನ, ಮತ್ತೆ ಸೊಲ್ಲಾಪುರಕ್ಕೆ ಯಾರು ಹೋಗುತ್ತಾರೆ? ಕೊನೆಯ ಮೂಲ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಕೆಲವು ಕಚೇರಿಗಳು ಒಪ್ಪುವುದಿಲ್ಲ.

ಹೆಸರು ಹೊಂದದಿದ್ದರೆ ಏನನ್ನು ತಿದ್ದಿಸಬೇಕು?

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಪಹಣಿಯಲ್ಲಿ ಶರಣಪ್ಪ, ಪ್ರಮಾಣಪತ್ರದಲ್ಲಿ ಶರಣಬಸಪ್ಪ. ತಕ್ಷಣ ಪ್ರಮಾಣಪತ್ರ ತಿದ್ದಿಸಲು ಓಡುತ್ತಾರೆ. ಆದರೆ ಆಧಾರ್‌ನಲ್ಲೂ ಪಿಂಚಣಿ ಪುಸ್ತಕದಲ್ಲೂ ಶರಣಬಸಪ್ಪ ಎಂದೇ ಇದೆ. ಪ್ರಮಾಣಪತ್ರ ಸರಿಯಾಗಿಯೇ ಇದೆ, ಹಳೆಯದಾಗಿರುವುದು ಪಹಣಿ. ಹೊಲಕ್ಕಾಗಿ ಶರಣಪ್ಪ ಎಂದು ತಿದ್ದಿಸಿದರೆ ಪಿಂಚಣಿ ನಿಲ್ಲುತ್ತದೆ. ಇಂಥಲ್ಲಿ ಪ್ರಮಾಣಪತ್ರ ಮುಟ್ಟಬೇಡಿ. "ಶರಣಪ್ಪ ಉರ್ಫ್ ಶರಣಬಸಪ್ಪ, ಇಬ್ಬರೂ ಒಬ್ಬರೇ" ಎಂದು ಒಂದು ಅಫಿಡವಿಟ್ ಮಾಡಿಸಿ. ಜೊತೆಗೆ ಹಳೆಯ ಕಂದಾಯ ರಸೀದಿ, ಶಾಲೆಯ ದಾಖಲೆ, ಮತದಾರರ ಚೀಟಿ ಹೀಗೆ ಎರಡು ಹೆಸರನ್ನೂ ಜೋಡಿಸುವ ಕಾಗದ ಕೊಡಿ.

ಪ್ರಮಾಣಪತ್ರವೇ ತಪ್ಪಿದ್ದರೆ ಮಾತ್ರ ತಿದ್ದುಪಡಿ. ಉದಾಹರಣೆಗೆ ಅದರಲ್ಲಿ ಶರಣಪ್ಪ ಮಲ್ಲಪ್ಪ ಪಾಟೀಲ ಎಂದು ಬಂದಿದೆ ಎಂದುಕೊಳ್ಳಿ. ಕಾಯ್ದೆಯ 15ನೇ ಕಲಂ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಮೂಲ ನಮೂದು ಅಳಿಸುವುದಿಲ್ಲ, ಅಂಚಿನಲ್ಲಿ ಸರಿಪಡಿಸಿದ ಟಿಪ್ಪಣಿ ಬರೆದು ನೋಂದಣಾಧಿಕಾರಿ ಸಹಿ ಹಾಕುತ್ತಾರೆ. ಬರೀ ಅಕ್ಷರದೋಷವಾದರೆ ಸುಲಭ. ಹೆಸರೇ ಬೇರೆಯಾಗಿದ್ದರೆ ವಿಷಯ ಬಲ್ಲ ಇಬ್ಬರು ವಿಶ್ವಾಸಾರ್ಹರ ಘೋಷಣೆ ಬೇಕಾಗುತ್ತದೆ. ತಿದ್ದುವ ಅಧಿಕಾರ ನೋಂದಾಯಿಸಿದ ಕಚೇರಿಯದ್ದು ಮಾತ್ರ. ಸೊಲ್ಲಾಪುರದ ತಪ್ಪು ಆಳಂದದಲ್ಲಿ ತಿದ್ದಲು ಬರುವುದಿಲ್ಲ. ಹೋಗುವಾಗ ಆಸ್ಪತ್ರೆಯಿಂದ ಪತ್ರ ಒಯ್ಯಿರಿ, ಯಾಕಂದರೆ ಮಾಹಿತಿ ಕೊಟ್ಟದ್ದು ಆಸ್ಪತ್ರೆ. ಮಾಸ್ತರರ ಆಧಾರ್, ಪಿಂಚಣಿ ಪುಸ್ತಕದ ಪ್ರತಿ, ಇಬ್ಬರ ಘೋಷಣೆ, ಅರ್ಜಿ ಇಷ್ಟು ಸಾಕಾಗುತ್ತದೆ.

ಪಿಂಚಣಿ ಮೊದಲು

ಮಾಸ್ತರರು ತೀರಿಕೊಂಡದ್ದು ಗೊತ್ತಾಗುವವರೆಗೆ ಪಿಂಚಣಿ ಖಾತೆಗೆ ಬೀಳುತ್ತಲೇ ಇರುತ್ತದೆ. ಎಟಿಎಂ ಕಾರ್ಡ್ ಮನೆಯಲ್ಲಿದೆ, ಕಾರ್ಯಕ್ಕೆ ದುಡ್ಡು ಬೇಕು, ತೆಗೆಯೋಣ ಅನಿಸುತ್ತದೆ. ಬೇಡ. ತೀರಿಕೊಂಡ ದಿನದವರೆಗಿನ ಪಿಂಚಣಿ ಕುಟುಂಬದ್ದು, ಅದರ ನಂತರದ್ದು ಸರ್ಕಾರದ್ದು. ಬ್ಯಾಂಕು ಅದನ್ನು ವಾಪಸ್ ವಸೂಲಿ ಮಾಡುತ್ತದೆ. ಆ ಲೆಕ್ಕ ಮುಗಿಯುವವರೆಗೆ ಹೆಂಡತಿಯ ಕುಟುಂಬ ಪಿಂಚಣಿ ಕೂಡ ಎಳೆಯುತ್ತದೆ.

ಪಿಂಚಣಿ ಬರುವ ಬ್ಯಾಂಕ್ ಶಾಖೆಗೆ ಪ್ರಮಾಣಪತ್ರ, ಪಿಂಚಣಿ ಪಾವತಿ ಆದೇಶ ಅಂದರೆ ಪಿಪಿಒ, ಹೆಂಡತಿಯ ಆಧಾರ್, ಪ್ಯಾನ್, ಫೋಟೋ, ಅರ್ಜಿ ಕೊಡಬೇಕು. ಪಿಪಿಒದಲ್ಲಿ ಹೆಂಡತಿಯ ಹೆಸರು ಇದೆಯೇ ಎಂದು ಮೊದಲು ನೋಡಿ. ಪಿಪಿಒದಲ್ಲಿ ನಾಗಮ್ಮ, ಆಧಾರ್‌ನಲ್ಲಿ ನಾಗಮ್ಮಾಬಾಯಿ ಎಂದಿದ್ದರೆ ಇಲ್ಲೂ ಅದೇ ಅಫಿಡವಿಟ್. ಪಿಪಿಒದಲ್ಲಿ ಹೆಸರೇ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಆಗುವುದಿಲ್ಲ. ಖಜಾನೆ ಮತ್ತು ಅವರು ಕೆಲಸ ಮಾಡಿದ ಇಲಾಖೆಯ ಮೂಲಕ ಸೇರಿಸಿಕೊಳ್ಳಬೇಕು.

ಸರ್ಕಾರಿ ನೌಕರಿಯಲ್ಲ, ಕಾರ್ಖಾನೆಯಲ್ಲಿ ದುಡಿದವರಾದರೆ ಪಿಎಫ್ ಕಚೇರಿ ದಾರಿ. ಭವಿಷ್ಯನಿಧಿ ಹಣಕ್ಕೆ ಫಾರ್ಮ್ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಪಿಂಚಣಿಯೇ ಇಲ್ಲದ ಬಡ ಕುಟುಂಬದಲ್ಲಿ ದುಡಿಯುವ ವ್ಯಕ್ತಿ 18ರಿಂದ 59 ವಯಸ್ಸಿನಲ್ಲಿ ತೀರಿಕೊಂಡಿದ್ದರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಒಂದೇ ಸಲ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರು ನಾಡಕಚೇರಿಯಲ್ಲಿ ಕೇಳಿ.

ಬ್ಯಾಂಕ್

ಪಿಂಚಣಿ ಖಾತೆ ಗಂಡ ಹೆಂಡತಿಯ ಜಂಟಿ ಖಾತೆಯಾಗಿದ್ದರೆ ಸುಲಭ. ನಾಮಿನಿ ಇದ್ದರೂ ಸುಲಭ. ಪ್ರಮಾಣಪತ್ರ, ಕ್ಲೇಮ್ ಫಾರ್ಮ್, ನಾಮಿನಿಯ ಗುರುತಿನ ಚೀಟಿ ಸಾಕು. ಬ್ಯಾಂಕು ಉತ್ತರಾಧಿಕಾರ ಪತ್ರ, ಜಾಮೀನು ಕೇಳಬಾರದು. ಎಲ್ಲ ಕಾಗದ ಕೊಟ್ಟ 15 ದಿನದೊಳಗೆ ತೀರಿಸಬೇಕು. ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವ. ಮಗ ನಾಮಿನಿ ಎಂದ ಮಾತ್ರಕ್ಕೆ ಅಕ್ಕತಂಗಿಯರ ಪಾಲು ಹೋಗುವುದಿಲ್ಲ.

ಮಾಸ್ತರರ ಸಹಕಾರಿ ಬ್ಯಾಂಕ್ ಠೇವಣಿಗೆ ನಾಮಿನಿ ಇರಲಿಲ್ಲ ಎಂದುಕೊಳ್ಳಿ. ಆಗ ಎಲ್ಲ ವಾರಸುದಾರರ ಒಪ್ಪಿಗೆ, ಅಫಿಡವಿಟ್, ನಷ್ಟಭರ್ತಿ ಬಾಂಡ್ ಕೊಟ್ಟರೆ ಒಂದು ಮಿತಿಯವರೆಗೆ ಬ್ಯಾಂಕು ತಾನೇ ಹಣ ಕೊಡುತ್ತದೆ. 2025ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಈ ಮಿತಿ ಸಹಕಾರಿ ಬ್ಯಾಂಕಿಗೆ ಕನಿಷ್ಠ 5 ಲಕ್ಷ, ಉಳಿದ ಬ್ಯಾಂಕಿಗೆ 15 ಲಕ್ಷ. ಅದಕ್ಕಿಂತ ಜಾಸ್ತಿ ಇದ್ದರೆ ಸಿವಿಲ್ ಕೋರ್ಟ್‌ನ ಉತ್ತರಾಧಿಕಾರ ಪತ್ರ ಕೇಳಬಹುದು.

ಇನ್ನೊಂದು ಕೆಲಸ ಇದೆ, ಬಹಳ ಜನ ಮರೆಯುತ್ತಾರೆ. ಪಾಸ್‌ಬುಕ್ ತೆರೆದು ವರ್ಷಕ್ಕೊಮ್ಮೆ 436 ರೂಪಾಯಿ ಅಥವಾ 20 ರೂಪಾಯಿ ಕಟ್ ಆಗಿದೆಯೇ ನೋಡಿ. 436 ಇದ್ದರೆ ಜೀವನ ಜ್ಯೋತಿ ವಿಮೆ, ಯಾವ ಕಾರಣದ ಸಾವಿಗೂ 2 ಲಕ್ಷ. 20 ಇದ್ದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಜೀವನ ಜ್ಯೋತಿಗೆ 55 ವಯಸ್ಸಿನ ಮಿತಿ ಇರುವುದರಿಂದ ಮಾಸ್ತರರಿಗೆ ಅದು ಇರಲಿಕ್ಕಿಲ್ಲ, ಆದರೆ ಮುಂಬೈಗೆ ದುಡಿಯಲು ಹೋದ ಹುಡುಗನ ಖಾತೆಯಲ್ಲಿ ಖಂಡಿತ ನೋಡಿ.

ಹೊಲ: ವಾರಸಾ ಅಥವಾ ಪೌತಿ ಖಾತೆ

ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಎಲ್ಲರ ಹೆಸರೂ ಬರಲಿ: ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳು. ಮದುವೆಯಾಗಿ ಹೋಗಿದ್ದಾರೆ ಎಂದು ಹೆಣ್ಣುಮಕ್ಕಳ ಹೆಸರು ಬಿಡುವುದು ನಮ್ಮಲ್ಲಿ ಮಾಮೂಲಿ. ಅದು ದೊಡ್ಡ ತಪ್ಪು. ಹಿಂದೂ ಉತ್ತರಾಧಿಕಾರದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹೆಸರು ಬಿಟ್ಟು ಮಾಡಿದ ವಂಶವೃಕ್ಷ ಸುಳ್ಳು ದಾಖಲೆ, ಮುಂದೆ ಆಕೆ ತಕರಾರು ಹಾಕಿದರೆ ಇಡೀ ಮ್ಯುಟೇಶನ್ ಬಿದ್ದುಹೋಗುತ್ತದೆ. ಮುಸ್ಲಿಂ ಕುಟುಂಬಕ್ಕೆ ಪಾಲಿನ ಲೆಕ್ಕ ಬೇರೆ, ಆದರೆ ವಂಶವೃಕ್ಷದಲ್ಲಿ ಹೆಸರು ಎಲ್ಲರದ್ದೂ ಬರಬೇಕು. ಪಾಲು ಬಿಟ್ಟುಕೊಡಲು ತಂಗಿ ಸಿದ್ಧ ಇದ್ದರೆ ಆಮೇಲೆ ನೋಂದಣಿ ಮಾಡಿದ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳಿ.

ನಂತರ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್, ಹೆಸರಿನ ಅಫಿಡವಿಟ್ ಸೇರಿಸಿ ಪೌತಿ ಅರ್ಜಿ. ಭೂಮಿ ತಂತ್ರಾಂಶದಲ್ಲಿ ದಾಖಲಾಗಿ ನೋಟಿಸ್ ಬರುತ್ತದೆ, ತಕರಾರಿಗೆ 30 ದಿನ ಕಾಯುತ್ತಾರೆ. ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ, ಪಹಣಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ. ಪಾಲು ಬೇರೆ ಮಾಡಿಕೊಳ್ಳುವುದು ಇದಾದ ಮೇಲಿನ ಕೆಲಸ.

ಅಜ್ಜನ ಹೆಸರಲ್ಲೇ ಪಹಣಿ ಇದ್ದರೆ ಕಥೆ ಉದ್ದವಾಗುತ್ತದೆ. ಮಾಸ್ತರರ ತಂದೆ ಮಲ್ಲಪ್ಪನವರು ಹಲವು ವರ್ಷ ಹಿಂದೆ ತೀರಿಕೊಂಡಿದ್ದು, ನೋಂದಣಿಯೇ ಆಗಿಲ್ಲ ಎಂದುಕೊಳ್ಳಿ. ಮೊದಲು ಅವರು ತೀರಿಕೊಂಡ ಊರಿನ ನೋಂದಣಾಧಿಕಾರಿಯಿಂದ "ನೋಂದಣಿ ಲಭ್ಯವಿಲ್ಲ" ಎಂಬ ಪತ್ರ, ಫಾರ್ಮ್ 10, ತೆಗೆದುಕೊಳ್ಳಿ. ಅದರ ಜೊತೆ ಅಫಿಡವಿಟ್, ಹಳೆಯ ರೇಷನ್ ಕಾರ್ಡ್, ಪಹಣಿ, ಸಮಾಧಿ ಗೊತ್ತಿರುವ ಹಿರಿಯರ ಹೇಳಿಕೆ ಇಟ್ಟು ಅರ್ಜಿ ಕೊಡಿ. ಒಂದು ವರ್ಷ ದಾಟಿದ ಪ್ರಕರಣಗಳು ಮೊದಲು ಕೋರ್ಟ್‌ನಲ್ಲಿ ನಡೆಯುತ್ತಿದ್ದವು. 2023ರ ತಿದ್ದುಪಡಿಯಲ್ಲಿ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಹೋಗಿದೆ. ಅರ್ಜಿ ಕೊಟ್ಟ ಮೇಲೆ ಸ್ಥಳೀಯ ವರದಿ ತರಿಸಿ, ಸತ್ಯ ಎಂದು ಕಂಡರೆ ಆದೇಶ ಕೊಡುತ್ತಾರೆ. ಆದೇಶವನ್ನು ನೋಂದಣಾಧಿಕಾರಿಗೆ ಕೊಟ್ಟು ವಿಳಂಬ ಶುಲ್ಕ ಕಟ್ಟಿದರೆ ನೋಂದಣಿ ಆಗುತ್ತದೆ.

ಇಲ್ಲಿ ತಾರೀಖು ನೆನಪಿಲ್ಲ ಎಂದು ಬಾಯಿಗೆ ಬಂದದ್ದು ಹೇಳಬೇಡಿ. ಮಾಸ್ತರರ ಮಗನ ಅಫಿಡವಿಟ್‌ನಲ್ಲಿ ಒಂದು, ಪಂಚರ ಹೇಳಿಕೆಯಲ್ಲಿ ಇನ್ನೊಂದು ತಾರೀಖು ಬಂದರೆ ಅರ್ಜಿ ತಿರಸ್ಕಾರವಾಗುವುದು ಅದೇ ಕಾರಣಕ್ಕೆ. ಮನೆಯ ಹಿರಿಯರೆಲ್ಲ ಕೂತು, ಯಾವ ಬರಗಾಲ, ಯಾರ ಮದುವೆ, ಯಾವ ಚುನಾವಣೆಯ ಹೊತ್ತಿಗೆ ಎಂದು ನೆನಪಿಸಿಕೊಂಡು ಒಂದು ತಾರೀಖು ಗೊತ್ತು ಮಾಡಿ, ಆಮೇಲೆ ಕಾಗದ ಬರೆಸಿ. ಮನೆಯಲ್ಲಿ ಹಳೆಯ ಕ್ಯಾಲೆಂಡರ್‌ನ ಹಿಂದೆ ಬರೆದಿಟ್ಟಿದ್ದರೆ ಅದನ್ನೂ ಜೊತೆಗೆ ಲಗತ್ತಿಸಿ.